ರೀ ಅನ್ನಲೋ, ಸಾರ್ ಅನ್ನಲೋ?

ಗುರುತಿಲ್ಲದವರೊಬ್ಬರನ್ನು ಮಾತಾಡಿಸುವ ಮುಂಚೆ ನಮ್ಮ ಜನ ಮನಸ್ಸಿನಲ್ಲೇ ಒಂದು ಸಣ್ಣ ಜನಗಣತಿ ಮುಗಿಸಿಬಿಡುತ್ತಾರೆ. ಗಂಡೋ ಹೆಣ್ಣೋ, ವಯಸ್ಸು ನನಗಿಂತ ಮೇಲೋ ಕೆಳಗೋ, ಕಾಲುಂಗುರ ಇದೆಯೋ ಇಲ್ಲವೋ, ಕಂಕುಳಲ್ಲಿರುವುದು ಆಫೀಸಿನ ಫೈಲೋ ಸಂತೆಯ ಚೀಲವೋ, ಎಲ್ಲವನ್ನೂ ಅರೆಗಳಿಗೆಯಲ್ಲಿ ಅಳೆದು, ತೂಗಿ, ಆಮೇಲೆ ಬಾಯಿ ಬಿಡುತ್ತಾರೆ. ಇಷ್ಟೆಲ್ಲ ಮಾಡಿ ಕೇಳುವುದಾದರೂ ಏನು? "ಮೆಜೆಸ್ಟಿಕ್ ಬಸ್ಸು ಇಲ್ಲೇ ನಿಲ್ಲತ್ತಾ?"

ಎದುರಿಗಿರುವವರು ತಲೆಗೆ ಹೆಲ್ಮೆಟ್ಟು, ಮೈಮೇಲೆ ದೊಗಳೆ ಜಾಕೆಟ್ಟು, ಮುಖದ ಮೇಲೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರೆ ಈ ಗಣತಿಯೆಲ್ಲ ಕೆಟ್ಟು ಕೂರುತ್ತದೆ. ಅಣ್ಣಾ ಅನ್ನೋಣವೆಂದರೆ ಕಿವಿಯ ಹತ್ತಿರ ಏನೋ ಮಿಂಚಿದ ಹಾಗಾಯಿತು. ಅಕ್ಕಾ ಅನ್ನೋಣವೆಂದರೆ ಈಗಿನ ಹುಡುಗರೂ ಓಲೆ ಹಾಕುತ್ತಾರೆ. ಸಾರ್ ಅಂದು ಒಳಗಿನಿಂದ ಹೆಣ್ಣು ದನಿ ಬಂದರೆ? ಮೇಡಂ ಅಂದು ಮೀಸೆ ಹೊರಬಿದ್ದರೆ? ಆಂಟಿ ಅನ್ನುವ ಧೈರ್ಯವಂತೂ ಯಾರಿಗೂ ಬೇಡ. ಆ ಪದಕ್ಕೆ ಗುರಿಯಾದ ಇಪ್ಪತ್ತೆಂಟರ ಹೆಣ್ಣುಮಗಳ ನೋಟವನ್ನು ಎದುರಿಸಿ ಉಳಿದವರು ಕಡಿಮೆ.

ತಮಾಷೆ ಏನೆಂದರೆ, ಈ ಸಂಕಟಕ್ಕೆ ಕನ್ನಡ ಕಾರಣವೇ ಅಲ್ಲ. ಹಿಂದಿಯಲ್ಲಿ "ಎಲ್ಲಿಗೆ ಹೋಗ್ತಿದ್ದೀರಿ" ಎಂದು ಕೇಳಬೇಕಾದರೆ 'ಜಾ ರಹೇ' ಎನ್ನಬೇಕೋ 'ಜಾ ರಹೀ' ಎನ್ನಬೇಕೋ ಮೊದಲೇ ತೀರ್ಮಾನವಾಗಬೇಕು. ಎಷ್ಟೇ ಮರ್ಯಾದೆ ಕೊಟ್ಟರೂ ಗಂಡು ಹೆಣ್ಣು ಬಿಡುವುದಿಲ್ಲ. ನಮ್ಮಲ್ಲಿ ಎದುರಿಗಿರುವವರ ಜೊತೆ ಆಡುವ ಕ್ರಿಯಾಪದಕ್ಕೆ ಆ ಗೊಡವೆಯೇ ಇಲ್ಲ. "ಹೋಗ್ತಿದ್ದೀರಿ" ಎಲ್ಲರಿಗೂ ಒಂದೇ. ಬೆನ್ನ ಹಿಂದೆ ಆಡುವಾಗ ಮಾತ್ರ ಬಂದ, ಬಂದಳು ಎಂಬ ಪಂಕ್ತಿಭೇದ. ಅಲ್ಲೂ ಸ್ವಲ್ಪ ಗೌರವ ಸೇರಿಸಿ "ಬಂದರು" ಎಂದುಬಿಟ್ಟರೆ ಗಂಡು ಹೆಣ್ಣಿನ ಲೆಕ್ಕ ಅಳಿಸಿಹೋಗುತ್ತದೆ. ಅಂದರೆ ಮರ್ಯಾದೆ ಕೊಟ್ಟ ಕೂಡಲೇ ಗುಟ್ಟೂ ಉಳಿಯುತ್ತದೆ. ಇಂಥ ಅನುಕೂಲ ಮಾಡಿಕೊಟ್ಟ ವ್ಯಾಕರಣವನ್ನು ಶಾಲೆಯಲ್ಲಿ ಬೈದುಕೊಂಡೇ ಕಲಿತೆವಲ್ಲ!

ಹಾಗಾದರೆ ತೊಡಕೆಲ್ಲಿ? ಮಾತಿನ ಮುಂದೆ ನಾವಾಗಿ ಅಂಟಿಸುವ ಆ ಒಂದು ಕರೆಯಲ್ಲಿ: ಅಣ್ಣಾ, ಅಕ್ಕಾ, ಸಾರ್, ಮೇಡಂ, ಅಜ್ಜಾ, ತಾಯೀ. ಅದನ್ನು ಕಿತ್ತುಹಾಕಿ ನೋಡಿ. "ನಮಸ್ಕಾರ, ಸ್ವಲ್ಪ ಹೇಳ್ತೀರಾ, ಮೆಜೆಸ್ಟಿಕ್ ಬಸ್ಸು ಇಲ್ಲೇ ನಿಲ್ಲತ್ತಾ?" ಮರ್ಯಾದೆಗೆ ಏನು ಕಡಿಮೆಯಾಯಿತು? 'ಹೇಳ್ತೀರಾ'ದ ಬಾಲದಲ್ಲೇ ಎಲ್ಲ ಇದೆ. ಆದರೆ ನಮಗೆ ಸಮಾಧಾನವಿಲ್ಲ. ಸಂಬಂಧ ಹೂಡದೆ ದಾರಿ ಕೇಳುವುದೂ ಒಂದು ದಾರಿಯೇನು ಎಂದು ಒಳಗೊಳಗೇ ಅನಿಸುತ್ತದೆ.

ಕರೆಯಿಲ್ಲದೆಯೇ ಮಾತಾಡಿಸುವ ವಿದ್ಯೆಯಲ್ಲಿ ಪಳಗಿದವರನ್ನು ನೋಡಬೇಕಾದರೆ ನಮ್ಮ ಸರ್ಕಾರಿ ಬಸ್ಸು ಹತ್ತಬೇಕು. ಕಂಡಕ್ಟರು ತುಂಬಿದ ಬಸ್ಸಿನಲ್ಲಿ ಮುಖ ನೋಡದೆಯೇ ಕೂಗುವುದು "ಯಾರ್ರೀ ಟಿಕೆಟ್, ಟಿಕೆಟ್", "ಒಳಗ್ ನಡೀರಿ", "ಇಳಿಯೋರು ಮುಂದೆ ಬನ್ನಿ". ಇದರಲ್ಲಿ ಅಣ್ಣನಿಲ್ಲ, ಅಕ್ಕನಿಲ್ಲ, ಬಡವ ಬಲ್ಲಿದನಿಲ್ಲ. 'ಇಳಿಯೋರು' ಎಂದರೆ ಇಳಿಯುವವರು, ಅಷ್ಟೇ. ಮಾಡುವ ಕೆಲಸವನ್ನೇ ಹೆಸರಾಗಿಸುವ ಈ ಉಪಾಯಕ್ಕೆ ಬಿರುದು ಕೊಡಬೇಕು. ಬ್ಯಾಂಕಿನಲ್ಲಿ "ಪಾಸ್‌ಬುಕ್ ಕೊಟ್ಟೋರು ಬನ್ನಿ", ಛತ್ರದಲ್ಲಿ "ಊಟ ಆದೋರು ಏಳಿ", ಸೊಸೈಟಿ ಅಂಗಡಿಯಲ್ಲಿ "ಕಾರ್ಡ್ ತಂದೋರು ಈ ಕಡೆ", ಎಲ್ಲ ಇದೇ ಮನೆತನ.

ಆದರೆ ಪಾಪ, ಕಂಡಕ್ಟರಿಗೆ ಈಗ ಇನ್ನೊಂದು ಪರೀಕ್ಷೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆಗಳಲ್ಲಿ ಉಚಿತ ಪ್ರಯಾಣ. ಲಿಂಗತ್ವ ಅಲ್ಪಸಂಖ್ಯಾತರಿಗೂ ಅದು ಅನ್ವಯ. ಹಿರಿಯ ನಾಗರಿಕರಿಗೆ ರಿಯಾಯಿತಿ ಬೇರೆ, ಮಕ್ಕಳಿಗೆ ಅರ್ಧ ಟಿಕೆಟ್ಟು ಬೇರೆ. ಅಂದರೆ ಯಾವುದನ್ನು ಮುಖ ನೋಡಿ ಹೇಳಬಾರದೋ, ಬಾಯಿಬಿಟ್ಟು ಕೇಳಬಾರದೋ, ಆ ಗಂಡು ಹೆಣ್ಣು ವಯಸ್ಸುಗಳೇ ಟಿಕೆಟ್ ಯಂತ್ರಕ್ಕೆ ಬೇಕು. ಹುಡುಗರ ಹಾಗೆ ಕತ್ತರಿಸಿದ ಕೂದಲು, ಟೋಪಿ, ಕಿವಿಯಲ್ಲಿ ಹಾಡಿನ ಬೀಜ, ಕಿಟಕಿಯ ಕಡೆ ಮುಖ. ಇಂಥವರ ಮುಂದೆ ಕಂಡಕ್ಟರು ನಿಂತರು ಅನ್ನಿ. ಹೊಸಬರಾದರೆ "ಏನಮ್ಮಾ, ಎಲ್ಲಿಗಮ್ಮಾ?" ಎಂದು ಕೇಳಿ, ಕಿಟಕಿಯ ಕಡೆಗಿದ್ದ ಮುಖ ತಿರುಗಿದಾಗ ಗಡ್ಡ ಕಂಡು ಇಡೀ ಬಸ್ಸಿಗೆ ನಗೆ ಹಂಚುತ್ತಾರೆ. ಅಥವಾ "ಏನ್ ಸಾರ್, ಹದಿನೆಂಟ್ ರೂಪಾಯಿ" ಎಂದು ಕೇಳಿ, ಆಧಾರ್ ಕಾರ್ಡು ಮೂಗಿನ ಮುಂದೆ ಬಂದಾಗ ತೊದಲುತ್ತಾರೆ. ನುರಿತ ಕಂಡಕ್ಟರು ಸೀಟಿನ ಕಂಬಿಗೆ ನಾಣ್ಯದಿಂದ ಎರಡು ಸಲ ತಟ್ಟುತ್ತಾರೆ. "ಎಲ್ಲಿಗೆ? ಕಾರ್ಡ್ ಇದ್ರೆ ತೋರ್ಸಿ." ಮುಗಿಯಿತು. ಕಾರ್ಡ್ ಬಂದರೆ ಶೂನ್ಯದ ಟಿಕೆಟ್ಟು, ದುಡ್ಡು ಬಂದರೆ ದುಡ್ಡಿನ ಟಿಕೆಟ್ಟು. ತೀರ್ಪು ಕೊಡುವ ಭಾರವನ್ನು ಪ್ರಯಾಣಿಕರ ಜೇಬಿಗೇ ವರ್ಗಾಯಿಸಿ, ಚಿಲ್ಲರೆಗೆ ಜಗಳ ತೆಗೆಯಲು ಮುಂದಿನ ಸೀಟಿಗೆ ಹೋಗುತ್ತಾರೆ.

'ಯಾರ್ರೀ' ಎಂದೆನಲ್ಲ, ಆ 'ರೀ' ನಮ್ಮ ಚಿನ್ನದಂಥ ಅಕ್ಷರ. ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ, ಇಪ್ಪತ್ತಕ್ಕೂ ಎಂಬತ್ತಕ್ಕೂ ಸಲ್ಲುತ್ತದೆ. ಆದರೆ ಊರು ನೋಡಿ ಬಳಸಬೇಕು. ಧಾರವಾಡದ ಕಡೆ "ಹೌದ್ರಿ", "ಇಲ್ರಿ", "ಬರ್ರಿ, ಕುಂದರ್ರಿ" ಎಂದು ಪ್ರತಿ ಮಾತಿನ ತುದಿಗೂ ಅದು ಬೆಲ್ಲದಂತೆ ಅಂಟಿರುತ್ತದೆ, ಬೈಗುಳಕ್ಕೂ ರೀ ಹಚ್ಚದೆ ಬಿಡರು. ಅದೇ ರೀಯನ್ನು ಮಾತಿನ ತುದಿಯಿಂದ ಕಿತ್ತು ತಲೆಗೆ ಕಟ್ಟಿ ಬೆಂಗಳೂರಿನ ಸಿಗ್ನಲ್ಲಿನಲ್ಲಿ "ರೀ!" ಅಂದು ನೋಡಿ, ಅದು ಜಗಳದ ಮುನ್ನುಡಿ. ಮುಂದಿನ ಮಾತು "ಕಣ್ ಕಾಣಲ್ವಾ" ಎಂದೇ ಇರುತ್ತದೆ ಎಂದು ಎರಡೂ ಗಾಡಿಯವರಿಗೂ ಗೊತ್ತು. ಇನ್ನು ಮನೆಯೊಳಗೆ ಹಳೆಯ ಕಾಲದ ಹೆಂಡತಿ "ರೀ" ಅಂದರೆ ಅದು ಒಬ್ಬರಿಗೇ ಮೀಸಲು. ಮದುವೆಮನೆಯಲ್ಲಿ ಒಬ್ಬಾಕೆ ಕೂಗಿದರೆ ಹತ್ತು ಗಂಡಂದಿರು ತಿರುಗುತ್ತಾರೆ ಎಂಬುದು ಬೇರೆ ಮಾತು.

ಕರಾವಳಿಯವರ ಬಳಿ ಇನ್ನೊಂದು ಕರೆ ಇದೆ. ಮಾರಾಯ ಅಂದರೆ ಗಂಡು, ಮಾರಾಯ್ತಿ ಅಂದರೆ ಹೆಣ್ಣು, "ಎಂತ ಮಾರಾಯ್ರೇ" ಅಂದರೆ ಯಾರಾದರೂ ಆಗಬಹುದು. ಬಹುವಚನ ಬಂದದ್ದೇ ತಡ, ಭೇದ ಕಳಚಿತು. ಆದರೆ ಅದರಲ್ಲಿ ಸ್ವಲ್ಪ ಸಲಿಗೆಯ ಒಗ್ಗರಣೆ ಇರುವುದರಿಂದ ಮೊದಲ ಭೇಟಿಗೆ ಬೇಡ, ಎರಡು ಮಾತಾದ ಮೇಲೆ ಸರಿ.

ನೀನೋ ನೀವೋ ಎನ್ನುವುದರಲ್ಲಿ ಮಾತ್ರ ನಾನು ಹಠಮಾರಿ. ಮುಖ ಎಷ್ಟೇ ಎಳೆಯದಿರಲಿ, ಶಾಲೆಯ ಯೂನಿಫಾರಂ ಕಾಣದಿದ್ದರೆ ನೀವು. 'ನೀವು'ವಿನಿಂದ 'ನೀನು'ವಿಗೆ ಇಳಿಯುವುದು ಸಲೀಸು, ಅದು ಪ್ರೀತಿಯ ಬಡ್ತಿ. 'ನೀನು'ವಿನಿಂದ 'ನೀವು'ವಿಗೆ ಏರುವುದು ಎರಡೇ ಸಂದರ್ಭದಲ್ಲಿ. ಒಂದು, ಹಳೆಯ ಸ್ನೇಹಿತರು ಮುನಿಸಿಕೊಂಡು "ಇನ್ಮೇಲೆ ನೀವ್ಯಾರೋ ನಾನ್ಯಾರೋ" ಎಂದಾಗ. ಇನ್ನೊಂದು, "ಏಯ್ ತಮ್ಮಾ, ಸಾಹೇಬ್ರು ಇದ್ದಾರೇನೋ" ಎಂದು ಕೇಳಿಸಿಕೊಂಡ ಹುಡುಗನೇ ಒಳಗೆ ಹೋಗಿ ಸಾಹೇಬರ ಕುರ್ಚಿಯಲ್ಲಿ ಕೂತಾಗ. ಹಳೇ ಮೈಸೂರಿನ ಹಳ್ಳಿಯ ಕಡೆ ಮಾತ್ರ ಈ ನೀವು ಕೆಲವೊಮ್ಮೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಹೆತ್ತ ತಾಯಿಗೂ ದೇವರಿಗೂ ನೀನು ಎನ್ನುವ ಜನ ಅವರು. "ನಂಗ್ಯಾಕಪ್ಪಾ ನೀವು ಗೀವು" ಎಂದು ಅಜ್ಜಿ ಗದರಬಹುದು. ಗದರಲಿ. ಹಾಗೆ ಗದರಿಸಿಕೊಂಡವರಿಗೆ ಮಜ್ಜಿಗೆಯೂ ಸಿಗುತ್ತದೆ.

ಸ್ಥಾನಮಾನದ ಗೊಂದಲ ನೋಡಬೇಕೆಂದರೆ ಆಸ್ಪತ್ರೆ. ಬಿಳಿ ಕೋಟು ತೊಟ್ಟು ಸ್ಟೆತಸ್ಕೋಪ್ ನೇತುಹಾಕಿಕೊಂಡ ಹೆಣ್ಣುಮಗಳು ವಾರ್ಡಿಗೆ ಬಂದರೆ ನಮ್ಮ ಜನ ಕೇಳುವುದು "ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಆಕೆಯ ಹಿಂದೆ ಫೈಲು ಹಿಡಿದು ಬಂದ ಗಂಡುಹುಡುಗನಿಗೆ "ನಮಸ್ಕಾರ ಡಾಕ್ಟ್ರೇ". ಆತ ನರ್ಸಿಂಗ್ ವಿದ್ಯಾರ್ಥಿ, ಸಂಕೋಚದಿಂದ ಬಗ್ಗಿಹೋಗುತ್ತಾನೆ. ಇಲ್ಲಿ ಪಾರಾಗುವ ಉಪಾಯ ಸುಲಭ. ಊಹಿಸಲೇಬೇಕಾದರೆ ಮೇಲಕ್ಕೆ ಊಹಿಸಿ. ನರ್ಸನ್ನು ಡಾಕ್ಟ್ರೇ ಅಂದರೆ ನಕ್ಕು ತಿದ್ದುತ್ತಾರೆ, ಡಾಕ್ಟರನ್ನು ಸಿಸ್ಟರ್ ಅಂದರೆ ನಗದೆ ತಿದ್ದುತ್ತಾರೆ. 'ಡಾಕ್ಟ್ರೇ' ಎಂಬ ಪದಕ್ಕೆ ಗಂಡು ಹೆಣ್ಣಿನ ಹಂಗೂ ಇಲ್ಲ. ಮೇಷ್ಟ್ರಿಗೆ ಆ ಭಾಗ್ಯವಿಲ್ಲ ನೋಡಿ. ಹೆಣ್ಣುಮಕ್ಕಳು ಬಂದ ಕೂಡಲೇ ಮೇಷ್ಟ್ರು ಹೋಗಿ ಮಿಸ್ಸು, ಮೇಡಂ, ಟೀಚರ್ ಎಂದು ಹೆಸರು ಚೆಲ್ಲಾಪಿಲ್ಲಿಯಾಯಿತು.

ಎಲ್ಲಕ್ಕಿಂತ ನೇರವಾದ ಹಾದಿ ಹೆಸರು ಕೇಳುವುದು, ಕೇಳಿದ ಹೆಸರಿಗೆ 'ಅವರೇ' ಸೇರಿಸುವುದು. ಬಸಪ್ಪ, ಬಸಮ್ಮ ಇದ್ದ ಕಾಲದಲ್ಲಿ ಹೆಸರಿನ ಬಾಲವೇ ಎಲ್ಲ ಹೇಳುತ್ತಿತ್ತು. ಈಗ ಶಶಿ, ಕಿರಣ್, ಸುಮನ್ ಎಂದು ಬಂದರೆ ಏನು ತಿಳಿಯುತ್ತದೆ? ತಿಳಿಯಬೇಕಾಗಿಯೂ ಇಲ್ಲ, "ಶಶಿ ಅವರೇ" ಅಂದರೆ ಸಾಕು. ಅವರೇ ಇಟ್ಟುಕೊಂಡ ಹೆಸರೇನಾದರೂ ಬಾಲ ಸಮೇತ ಬಂದರೆ ಅದಕ್ಕೇ ಗೌರವ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, ಪದ್ಮಶ್ರೀ ಪಡೆದ ಜೋಗತಿ ಕಲಾವಿದೆ ಮಂಜಮ್ಮನವರ ಹೆಸರಿನಲ್ಲಿ 'ಅಮ್ಮ' ಇದೆ. ಆಮೇಲೆ ನಮ್ಮ ತನಿಖೆಗೆ ಏನು ಕೆಲಸ?

ಬರವಣಿಗೆಯಲ್ಲಂತೂ ನಮ್ಮ ಅರ್ಜಿಗಳ 'ಮಾನ್ಯರೇ' ಈ ಎಲ್ಲ ತಲೆನೋವನ್ನೂ ಎಂದೋ ಪರಿಹರಿಸಿದೆ. ಕುರ್ಚಿಯಲ್ಲಿ ಯಾರು ಕೂತಿದ್ದರೂ ನಡೆಯುತ್ತದೆ, ವರ್ಗಾವಣೆಯಾಗಿ ಇನ್ನೊಬ್ಬರು ಬಂದರೂ ನಡೆಯುತ್ತದೆ, ಖಾಲಿಯಿದ್ದರೂ ನಡೆಯುತ್ತದೆ. ಸೋತು ಕೂತಿರುವುದು ಲಗ್ನಪತ್ರಿಕೆಯ ಲಕೋಟೆ. ಅದರ ಮೇಲೆ 'ಶ್ರೀ/ಶ್ರೀಮತಿ' ಎಂದು ಮೊದಲೇ ಅಚ್ಚಾಗಿರುತ್ತದೆ, ಕೊನೆಗೆ 'ಇವರಿಗೆ'. ನಡುವೆ ಒಂದು ಗೀಟು. ಬರೆಯುವವರು ಪೆನ್ನು ಹಿಡಿದು ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕು. ಆಫೀಸಿನಲ್ಲಿ ಹೊಸದಾಗಿ ಬಂದ, ಇನ್ನೂ ಮುಖ ನೋಡದ 'ಕೆ. ಕಿರಣ್' ಅವರಿಗೆ ಪತ್ರಿಕೆ ಕೊಡಬೇಕು; ಶ್ರೀ ಹೊಡೆಯಬೇಕೋ ಶ್ರೀಮತಿ ಹೊಡೆಯಬೇಕೋ? ನಮ್ಮ ಪಕ್ಕದ ಮನೆಯ ಯಜಮಾನಿತಿ ಮಗಳ ಮದುವೆಗೆ ನೂರಾರು ಲಕೋಟೆ ಬರೆದವರು, ಅವರನ್ನೇ ಕೇಳಿದೆ. "ಎರಡನ್ನೂ ಬಿಟ್ಟು, ಮೇಲೆ ಸ್ವಲ್ಪ ಅರಿಸಿನ ಹಚ್ಚಿಬಿಡಿ" ಅಂದರು. "ಅಕ್ಷರ ಕಾಣೋದಿಲ್ಲ, ಶುಭವೂ ಆಗತ್ತೆ."