ಯಾರ ಹೆಬ್ಬೆಟ್ಟು?

ಹದಿನಾಲ್ಕರ ಹುಡುಗನಲ್ಲಿ ಮೊದಲು ಬೆಳೆಯುವುದು ಪಾದ. ಎತ್ತರ ಆಮೇಲೆ ನಿಧಾನವಾಗಿ ಬರುತ್ತದೆ. ಹಾಗಾಗಿ ನಮ್ಮ ಮಗ ಸದ್ಯಕ್ಕೆ ಮೂರಂತಸ್ತಿಗೆ ಪಾಯ ಹಾಕಿ, ದುಡ್ಡು ಸಾಲದೆ ಒಂದೇ ಅಂತಸ್ತಿಗೆ ನಿಲ್ಲಿಸಿದ ಮನೆಯ ಹಾಗಿದ್ದಾನೆ.

ಪಾದ ಬೆಳೆದ ಸುದ್ದಿಯನ್ನು ಅವನು ತಾನಾಗಿ ಹೇಳುವವನಲ್ಲ. "ಶೂ ಬಿಗಿಯಾಗ್ತಿದೆಯೇನೋ?" ಅಂದರೆ, "ಸರಿ ಇದೆ." ಊಟ, ಪರೀಕ್ಷೆ, ಪ್ರಪಂಚ ಎಲ್ಲಕ್ಕೂ ಅವನದು ಅದೇ ಉತ್ತರ. ನಿಜ ಹೇಳುವುದು ಕಾಲುಚೀಲ. ಉಂಗುಟದ ಜಾಗದಲ್ಲಿ ತೂತು ಬಿದ್ದಿರುತ್ತದೆ. ಬೆರಳ ಗೆಣ್ಣುಗಳ ಮೇಲೆ ಕೆಂಪು ಗುರುತು ಕಂಡರಂತೂ ವಿಚಾರಣೆಯೇ ಬೇಡ.

ಶೂ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಎಲ್ಲರೂ ಒಪ್ಪುವ ಸೂತ್ರ ಒಂದಿದೆ: ಬೆರಳಿನ ತುದಿಗೂ ಶೂ ತುದಿಗೂ ನಡುವೆ ಒಂದು ಹೆಬ್ಬೆಟ್ಟಿನಷ್ಟು ಜಾಗ. ಜಗಳ ಶುರುವಾಗುವುದು ಯಾರ ಹೆಬ್ಬೆಟ್ಟು ಎನ್ನುವಲ್ಲಿ. ಸೂತ್ರದ ಮನಸ್ಸಿನಲ್ಲಿರುವುದು ಸುಮಾರು 12 ಮಿಲಿಮೀಟರ್, ಅಂದರೆ ಅರ್ಧ ಇಂಚು. ನನ್ನ ಹೆಬ್ಬೆಟ್ಟಿನ ಅಗಲವೇ ಎರಡು ಸೆಂಟಿಮೀಟರ್. ಹೆಂಡತಿಯದು ಸ್ವಲ್ಪ ಸಣ್ಣದು, ಆದ್ದರಿಂದ ಸೂತ್ರಕ್ಕೆ ಹತ್ತಿರ. ನಮ್ಮಮ್ಮ ಮಾತ್ರ ಹೆಬ್ಬೆಟ್ಟನ್ನು ಉದ್ದುದ್ದ ಇಟ್ಟು ಅಳೆಯುತ್ತಾರೆ. "ಬೆಳೆಯೋ ಹುಡುಗ, ಮುಂದಿನ ಜೂನ್‌ಗೂ ಬರ್ಲಿ. ಈಗ ಮುಂದೆ ಹತ್ತಿ ತುರುಕಿದ್ರಾಯ್ತು."

ಆ ಹತ್ತಿಯಲ್ಲಿ ಬೆಳೆದವನು ನಾನೇ. ಶೂ ಅತಿ ದೊಡ್ಡದಾದರೆ ಹೆಜ್ಜೆ ಹೆಜ್ಜೆಗೂ ಪಾದ ಮುಂದಕ್ಕೆ ಜಾರುತ್ತದೆ, ಹಿಮ್ಮಡಿ ಮೇಲೆದ್ದು ಉಜ್ಜಿ ಬೊಬ್ಬೆ ಬರುತ್ತದೆ. ಪಾದ ಮಡಿಯುವುದು ಒಂದು ಕಡೆ, ಶೂ ಮಡಿಯುವುದು ಇನ್ನೊಂದು ಕಡೆ. ಬೆಳೆಯಲು ಬಿಟ್ಟ ಜಾಗದಲ್ಲಿ ಬೆಳೆಯುವುದು ಬೊಬ್ಬೆ ಮಾತ್ರ.

ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದರಲ್ಲೂ ಮೋಸವಿದೆ. ಮೇಲಿನಿಂದ ಒತ್ತುತ್ತಿದ್ದ ಹಾಗೆ ಮಕ್ಕಳು ತಮಗೆ ಗೊತ್ತಿಲ್ಲದೆಯೇ ಬೆರಳು ಮುದುರುತ್ತಾರೆ. ನಮ್ಮವನು ಗೊತ್ತಿದ್ದೂ ಮುದುರುತ್ತಾನೆ, ಏಕೆಂದರೆ ಅವನ ಮನಸ್ಸು ಕದ್ದ ಜೋಡಿ ಆರನೇ ನಂಬರಿನಲ್ಲಷ್ಟೇ ಇತ್ತು. ಸ್ಕೂಲಿನ ಕಪ್ಪು ಶೂ ಮೂತಿಯಂತೂ ಎಷ್ಟು ಗಟ್ಟಿಯೆಂದರೆ ಒಳಗೆ ಬೆರಳಿದೆಯೋ ಪರೀಕ್ಷೆಯ ಚೀಟಿ ಇದೆಯೋ ತಿಳಿಯುವುದಿಲ್ಲ. ಇದಕ್ಕೆ ನನ್ನ ಹೆಂಡತಿಯ ಉಪಾಯ ಬೇರೆ. ಶೂ ಒಳಗಿನ ಸೋಲನ್ನು ಈಚೆ ಎಳೆದು ನೆಲದ ಮೇಲೆ ಹಾಕಿ, ಸ್ಕೂಲಿನ ಕಾಲುಚೀಲ ತೊಟ್ಟು, ಹಿಮ್ಮಡಿಯನ್ನು ಹಿಂದಿನ ಅಂಚಿಗೆ ಕೂಡಿಸಿ ಅದರ ಮೇಲೆ ನಿಲ್ಲಿಸುವುದು. ಎರಡೂ ಕಾಲಿನ ಮೇಲೆ ಭಾರ ಬೀಳಬೇಕು. ಕೂತಾಗ ಚಿಕ್ಕದಾಗಿರುವ ಪಾದ ನಿಂತಾಗ ಹರಡಿಕೊಳ್ಳುತ್ತದೆ. ಆಗ ಉಳಿದ ಜಾಗ ಕಣ್ಣಿಗೇ ಕಾಣುತ್ತದೆ. ಆರನೇ ನಂಬರಿನ ಸೋಲಿನ ಮೇಲೆ ಉಳಿದದ್ದು ಅವಳ ಕಿರುಬೆರಳಿನ ಅರ್ಧ.

ಮುಂದಿನ ವಾದ ಗಂಟೆಯದು. ಬೆಳಿಗ್ಗೆ ಹೋದರೆ ಅಂಗಡಿ ಖಾಲಿ ಇರುತ್ತದೆ ಎಂಬುದು ನನ್ನ ಲೆಕ್ಕ. ಸಂಜೆಯೇ ಆಗಬೇಕು ಎಂದು ಅವಳು. ದಿನವಿಡೀ ನಿಂತು, ಬೆಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಆಡಿ ಬಂದ ಪಾದಕ್ಕೆ ನೀರಿನಂಶ ಇಳಿದು ಕೊಂಚ ಊದಿರುತ್ತದೆ. ಉದ್ದಕ್ಕಿಂತ ಹೆಚ್ಚಾಗಿ ದಪ್ಪ, ಅಗಲ. ಬೆಳಿಗ್ಗೆ ಹಿತವಾಗಿದ್ದ ಶೂ ಕೊನೆಯ ಪೀರಿಯಡ್ಡಿನಲ್ಲಿ ಕಚ್ಚುವುದು ಅದಕ್ಕೇ.

ಒಂದು ಭಾನುವಾರ ಇದನ್ನು ಅಳೆದೇ ನೋಡಿದೆವು. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ನಿಲ್ಲಿಸಿ, ಉದ್ದನೆಯ ಬೆರಳ ತುದಿಗೆ ಪೆನ್ಸಿಲ್ ನೆಟ್ಟಗೆ ಹಿಡಿದು ಗುರುತು. ಬೆಳಿಗ್ಗೆ ಬಲಗಾಲು 25.3 ಸೆಂಟಿಮೀಟರ್, ಸಂಜೆ ಆಡಿ ಬಂದ ಮೇಲೆ 25.6. ಎಡಗಾಲು ಎರಡು ಹೊತ್ತೂ ಅದಕ್ಕಿಂತ ಕೊಂಚ ಗಿಡ್ಡ. ಲೆಕ್ಕಕ್ಕೆ ಬರುವುದು ದೊಡ್ಡ ಕಾಲು.

ನಮ್ಮ ಅಂಗಡಿಗಳಲ್ಲಿ ನಡೆಯುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಅಂತರ ಇಂಚಿನ ಮೂರನೇ ಒಂದು ಭಾಗ, ಒಂದು ಬಾರ್ಲಿ ಕಾಳಿನ ಉದ್ದ. ಜಗತ್ತನ್ನೇ ಆಳಿದವರು ಕಾಲನ್ನು ಕಾಳಿನಲ್ಲಿ ಅಳೆದರು. ನಮ್ಮಮ್ಮನ ಹೆಬ್ಬೆಟ್ಟನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ. ಆರನೇ ನಂಬರಿನ ಅಚ್ಚು ಸುಮಾರು 26.2 ಸೆಂಟಿಮೀಟರ್, ಏಳರದು 27.1. ಬೆಳಗಿನ ಕಾಲಿಗೆ ಆರರಲ್ಲಿ ಒಂಬತ್ತು ಮಿಲಿಮೀಟರ್ ಉಳಿಯುತ್ತದೆ, ಹೇಗೋ ನಡೆದೀತು ಅನ್ನಿಸುತ್ತದೆ. ಸಂಜೆಯ ಕಾಲಿಗೆ ಉಳಿಯುವುದು ಆರೇ. ಏಳರಲ್ಲಾದರೆ ಸಂಜೆಯೂ ಒಂದೂವರೆ ಸೆಂಟಿಮೀಟರ್. ಕಂಪನಿಯಿಂದ ಕಂಪನಿಗೆ ನಂಬರು ಹೆಚ್ಚುಕಡಿಮೆ ಆಗುತ್ತದೆ, ಸೋಲಿನ ಮೇಲೆ ನಿಲ್ಲಿಸದೆ ಬಿಲ್ಲು ಮಾಡಿಸಬಾರದು ಎನ್ನುವುದು ಇದಕ್ಕೇ.

ಏಳು ಬಂತು. ಅಮ್ಮ ಎಂಟಕ್ಕೆ ಇಳಿದು ಏಳಕ್ಕೆ ಒಪ್ಪಿದರು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಮತ್ತೆ ಸೋಲನ್ನು ಈಚೆ ಎಳೆದರೆ ಒಂದೂವರೆ ಸೆಂಟಿಮೀಟರ್ ಒಂದಾಗಿತ್ತು. "ಇನ್ನು ಕೆಲವು ತಿಂಗಳು ಅಷ್ಟೇ," ಎಂದಳು ಹೆಂಡತಿ, ನನ್ನ ಪಾದವನ್ನೇ ನೋಡುತ್ತ. ನನ್ನದೂ ಏಳನೇ ನಂಬರು. ಅಣ್ಣನ ಶೂ ತಮ್ಮನಿಗೆ ಬರುತ್ತಿದ್ದ ಮನೆಯಿಂದ ಬಂದವನು ನಾನು. ಈಗ ಮಗನ ಶನಿವಾರದ ಬಿಳಿ ಕ್ಯಾನ್ವಾಸ್ ಶೂ ನನ್ನ ವಾಕಿಂಗಿಗೆ ಎಂದು ತೀರ್ಮಾನವಾಗಿದೆ. ನನ್ನ ಹಿಮ್ಮಡಿಯನ್ನು ಕೂಡಿಸಿ ನಿಲ್ಲಿಸಿ, ಹೆಬ್ಬೆಟ್ಟು ಇಟ್ಟು ನೋಡಿದವನು ಮಗನೇ.

"ಸರಿ ಇದೆ," ಎಂದ.