ನಾಲ್ಕು ಜನ, ಒಂದು ಶುಕ್ರವಾರ

ರಸ್ತೆ ಬದಿಯ ಟಬೆಬುಯ ಮರಗಳು ಗುಲಾಬಿಗೆ ತಿರುಗುವ ಹೊತ್ತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಇಂಟರ್ನ್‌ಗಳು ಬರುತ್ತಾರೆ. ಇಂಜಿನಿಯರಿಂಗ್ ಕೊನೆಯ ವರ್ಷದವರು. ಕೊರಳಲ್ಲಿ ಹೊಸ ಐಡಿ ಕಾರ್ಡು, ಬೆನ್ನಿಗೆ ಹಳೇ ಬ್ಯಾಗು. ಮೊದಲ ವಾರ ಎಲ್ಲರೂ ಎಲ್ಲದಕ್ಕೂ "ಓಕೆ ಸರ್" ಅನ್ನುತ್ತಾರೆ. ಎರಡನೇ ವಾರ ಜಗಳ ಶುರುವಾಗುತ್ತದೆ. ಆಗಲೂ ಶುರುವಾಗದಿದ್ದರೆ ನನಗೆ ಹೆದರಿಕೆ ಶುರುವಾಗುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಇವರನ್ನು ನೋಡಿಕೊಳ್ಳುವ ಕೆಲಸ ನಮ್ಮಲ್ಲಿ ಬೇರೆ ಯಾರಿಗೂ ಬೇಡವಾದ್ದರಿಂದ ನನ್ನ ಪಾಲಿಗೆ ಬಂದಿದೆ. ಅದಕ್ಕೆ ಮೆಂಟರ್ ಎಂಬ ಗೌರವದ ಹೆಸರಿದೆ, ಪ್ರತ್ಯೇಕ ಸಂಬಳವಿಲ್ಲ. ಒಂದು ವರ್ಷ ನಾಲ್ವರ ತಂಡ ಸಿಕ್ಕಿತು. ಹೆಸರು ಹಾಕಿದರೆ ನನ್ನ ಮೇಲೇ ಜಗಳಕ್ಕೆ ಬಂದಾರು, ಊರಿನ ಹೆಸರಲ್ಲೇ ಕರೆಯುತ್ತೇನೆ: ಹುಬ್ಬಳ್ಳಿ ಮತ್ತು ಹಾಸನ ಹುಡುಗರು, ಬಸವನಗುಡಿ ಮತ್ತು ಪುತ್ತೂರು ಹುಡುಗಿಯರು. ಕೆಲಸ ಸಣ್ಣದು. ನಮ್ಮ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಯಾರಿಗೆ ಬೇಕು ಎಂದು ಮೊದಲೇ ಬುಕ್ ಮಾಡಿಸುವ ಆ್ಯಪ್. ಎಷ್ಟು ಜನಕ್ಕೆ ಅಡುಗೆ ಮಾಡಬೇಕೆಂದು ಭಟ್ಟರಿಗೆ ಗೊತ್ತಾಗಬೇಕು, ತಿಂಗಳ ಕೊನೆಗೆ ದುಡ್ಡು ಸಂಬಳದಲ್ಲಿ ಕಡಿತವಾಗಬೇಕು. ಒಂದು ಶುಕ್ರವಾರ ಮೇಲಿನವರ ಮುಂದೆ ಡೆಮೊ. ಆ ಶುಕ್ರವಾರ ಕದಲುವಂಥದ್ದಲ್ಲ.

ಇಂಟರ್ನ್‌ಗಳ ಜಗಳವನ್ನು ಹೊರಗಿನಿಂದ ನೋಡಿದವರು ಹುಡುಗುತನ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಾಜೆಕ್ಟ್ ಒಂದೇ, ಗಡುವು ಒಂದೇ. ಆದರೆ ಅಂಕ ಬೇರೆ ಬೇರೆ. ಕಾಲೇಜಿಗೆ ಕೊಡುವ ವರದಿ ಪ್ರತಿಯೊಬ್ಬರದೂ ಪ್ರತ್ಯೇಕ. ಕೊನೆಗೆ ಕೆಲಸದ ಆಫರ್ ನಾಲ್ವರಲ್ಲಿ ಎಷ್ಟು ಜನಕ್ಕೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಒಟ್ಟಿಗೆ ಗೆಲ್ಲಿ ಎಂದು ಹೇಳಿ ಒಬ್ಬೊಬ್ಬರನ್ನೇ ಅಳೆಯುವವರು ನಾವು. ಮೇಲಾಗಿ, ಯಾರ ಮಾತೂ ಕೊನೆಯ ಮಾತಲ್ಲ. ನಾಲ್ವರೂ ಒಂದೇ ಬೆಂಚಿನವರು.

ಮೊದಲ ಜಗಳ ಡೇಟಾಬೇಸಿನದು. ಹುಬ್ಬಳ್ಳಿಗೆ ಮೊಂಗೋಡಿಬಿ ಬೇಕು, ಬಸವನಗುಡಿಗೆ ಪೋಸ್ಟ್‌ಗ್ರೆಸ್. ಹಾಸನದವನು ಹುಬ್ಬಳ್ಳಿಯವನ ಪಿಜಿ ರೂಮ್‌ಮೇಟ್ ಆದ್ದರಿಂದ ಮೊಂಗೋ ಕಡೆಗೆ. ಪುತ್ತೂರು "ನಂಗೆ ಯಾವ್ದಾದ್ರೂ ಆಗ್ತದೆ" ಎನ್ನುತ್ತ ಬಸವನಗುಡಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೈ ಎತ್ತಿಸಿದರು: ಎರಡು, ಎರಡು. ಮೂರನೇ ದಿನವೂ ಎರಡು, ಎರಡು. ನಿಜ ಹೇಳಬೇಕೆಂದರೆ ಮುನ್ನೂರು ಊಟದ ಲೆಕ್ಕ ಇಡಲು ಎರಡೂ ಧಾರಾಳವಾಗಿ ಸಾಕು. ಅದನ್ನು ಹೇಳಿದರೆ ಇಬ್ಬರಿಗೂ ಅವಮಾನ.

ಆದ್ದರಿಂದ ಯಾವುದು ಶ್ರೇಷ್ಠ ಎಂಬ ಪ್ರಶ್ನೆಯನ್ನು ತೆಗೆದುಹಾಕಿ ಭಟ್ಟರ ಪ್ರಶ್ನೆಗಳನ್ನು ಇಟ್ಟೆವು. ಇವತ್ತು ಎಷ್ಟು ಊಟ? ಒಬ್ಬರಿಗೆ ಈ ತಿಂಗಳು ಎಷ್ಟು ಕಡಿತ? ಒಂದೇ ದಿನಕ್ಕೆ ಒಬ್ಬರು ಎರಡು ಸಲ ಬುಕ್ ಮಾಡಿದರೆ ತಡೆಯುವುದು ಹೇಗೆ? ಇಬ್ಬರೂ ತಮ್ಮ ತಮ್ಮ ಡೇಟಾಬೇಸಿನಲ್ಲಿ ಮಧ್ಯಾಹ್ನ ಒಂದರೊಳಗೆ ಮಾಡಿ ತೋರಿಸಬೇಕು. ಇಬ್ಬರೂ ತೋರಿಸಿದರು. ಎರಡು ಸಲದ ಬುಕಿಂಗ್ ತಡೆಯಲು ಅವಳು `UNIQUE (emp_id, meal_date)` ಬರೆದಳು. ಅವನು ಅದೇ ಎರಡು ಫೀಲ್ಡ್‌ಗಳ ಮೇಲೆ ಯುನೀಕ್ ಇಂಡೆಕ್ಸ್ ಹಾಕಿದ. ತಿಂಗಳ ಲೆಕ್ಕಕ್ಕೆ ನೌಕರರ ಪಟ್ಟಿಯನ್ನೂ ಊಟದ ಪಟ್ಟಿಯನ್ನೂ ಕೂಡಿಸಬೇಕು. ಅವಳು `JOIN` ಅಂದಳು, ಅವನು `$lookup` ಅಂದ. ಮತ್ತೆ ಸಮ.

ಇಲ್ಲಿ ಒಂದು ಉಪಾಯ ಮಾಡಿದೆ. ಬರೆದವರು ಎದ್ದು ಚಹಾಕ್ಕೆ ಹೋಗಲಿ, ಎದುರು ಪಕ್ಷದವರು ಬಂದು ಆ ಕೋಡಿನಲ್ಲಿ ಒಂದು ಬದಲಾವಣೆ ಮಾಡಲಿ: ರದ್ದಾದ ಊಟಗಳನ್ನು ಲೆಕ್ಕದಿಂದ ಬಿಡಬೇಕು. ಕಾಲೇಜಿನ ಡಿಬಿಎಂಎಸ್ ಲ್ಯಾಬಿನಲ್ಲಿ ಎಸ್‌ಕ್ಯುಎಲ್ ಕಲಿತಿದ್ದ ಹಾಸನದವನು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲು ಸೇರಿಸಿ ಎದ್ದ. ಮೊಂಗೋ ಮುಂದೆ ಕೂತ ಬಸವನಗುಡಿ, ಹೊಂದಿಸದ ಆವರಣ ಚಿಹ್ನೆಗಳ ನಡುವೆ ಸಿಕ್ಕಿಕೊಂಡಳು. ಚಹಾ ಮುಗಿಸಿ ಬಂದ ಹುಬ್ಬಳ್ಳಿ ಅದನ್ನು ನೋಡಿ ಸ್ವಲ್ಪ ಹೊತ್ತು ನಿಂತ. "ಹಂಗಾರ ರಾತ್ರಿಯೆಲ್ಲಾ ನನಗ ಫೋನ್ ಮಾಡ್ತೀರಿ ನೀವು. ಬ್ಯಾಡ, ಪೋಸ್ಟ್‌ಗ್ರೆಸ್ಸೇ ಇರ್ಲಿ" ಅಂದ. ತೀರ್ಪು ಬಂದದ್ದು ತಂತ್ರಜ್ಞಾನದಿಂದ ಅಲ್ಲ, ನಿದ್ದೆಯ ಮೇಲಿನ ಪ್ರೀತಿಯಿಂದ. ಆದರೆ ಅವನ ಬಯೋಡೇಟಾದಲ್ಲಿ ಮೊಂಗೋಡಿಬಿ ಎಂದು ದಪ್ಪಕ್ಷರದಲ್ಲಿ ಇದ್ದದ್ದು ನನಗೆ ಗೊತ್ತಿತ್ತು. ಎರಡನ್ನೂ ಹೋಲಿಸಿದ್ದನ್ನು ನಿನ್ನ ವರದಿಯಲ್ಲಿ ಒಂದು ಅಧ್ಯಾಯ ಮಾಡಿಕೋ ಎಂದೆ. ಮುಖ ಅರಳಿತು. ವಾದ ಬಿಟ್ಟುಕೊಡುವವನಿಗೆ ಒಯ್ಯಲು ಏನಾದರೂ ಇರಬೇಕು.

ಇನ್ನು ಗುಂಡಿಯ ಬಣ್ಣ. "ಬುಕ್ ಮಾಡಿ" ಎಂಬ ಗುಂಡಿ ಹಸಿರೋ ಕಿತ್ತಳೆಯೋ ಎಂಬ ವಿಚಾರ ಅರ್ಧ ದಿನ ನಡೆಯಿತು. ಡೇಟಾಬೇಸಿನ ಬಗ್ಗೆ ಬಾಯಿ ಬಿಡದವರೂ ಇಲ್ಲಿ ಮಾತಾಡಿದರು. ಇದಕ್ಕೆ ನಾರ್ತ್‌ಕೋಟ್ ಪಾರ್ಕಿನ್‌ಸನ್ ಎಂಬಾತ 1957ರಲ್ಲೇ ಲೆಕ್ಕ ಹೇಳಿಟ್ಟಿದ್ದಾನೆ. ಅವನ ಕಥೆಯ ಸಮಿತಿ ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಗುಮಾಸ್ತರ ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ರಿಯಾಕ್ಟರ್ ಯಾರಿಗೂ ಅರ್ಥವಾಗದು, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ಇಂಥ ಜಗಳಕ್ಕೆ ನಾಣ್ಯ ಸಾಕು. ಚಿಮ್ಮಿದೆವು, ಹಸಿರು ಬಂತು.

ಮೂರನೆಯದು ನನಗೆ ಅತ್ಯಂತ ಪ್ರಿಯವಾದ ಜಗಳ. ಬುಕ್ ಮಾಡಿದ ಊಟವನ್ನು ಎಷ್ಟು ಗಂಟೆಯವರೆಗೆ ರದ್ದು ಮಾಡಬಹುದು? ಹುಬ್ಬಳ್ಳಿ ತನ್ನ ಕೋಡಿನಲ್ಲಿ ಹತ್ತು ಎಂದು ಬರೆದ, ಹಾಸನ ತನ್ನದರಲ್ಲಿ ಹನ್ನೊಂದು ಎಂದು ಬರೆದ. ಎರಡನ್ನೂ ಕೂಡಿಸಲು ಹೋದಾಗ ಗಿಟ್ ಕೈಚೆಲ್ಲಿತು:

```
<<<<<<< HEAD
const CUTOFF = "10:00";
=======
const CUTOFF = "11:00";
>>>>>>> late-cancel
```

ಗಿಟ್‌ನ ಈ ನಡತೆ ನನಗೆ ಇಷ್ಟ. ಯಾರು ಸೀನಿಯರ್, ಯಾರ ದನಿ ದೊಡ್ಡದು ಎಂದು ಅದು ನೋಡುವುದಿಲ್ಲ. ಇಬ್ಬರ ಮಾತನ್ನೂ ಇದ್ದಂತೆಯೇ ಬರೆದು, ನಡುವೆ ಗೆರೆ ಎಳೆದು, ನೀವೇ ತೀರ್ಮಾನಿಸಿ ಎಂದು ಕೂರುತ್ತದೆ. ಇವರು ತೀರ್ಮಾನಿಸಿದ್ದು ಹೀಗೆ: ಹುಬ್ಬಳ್ಳಿ ಬೆಳಿಗ್ಗೆ ಹತ್ತು ಮಾಡಿದ, ಹಾಸನ ಮಧ್ಯಾಹ್ನ ಹನ್ನೊಂದು ಮಾಡಿದ, ಸಂಜೆ ಮತ್ತೆ ಹತ್ತಾಯಿತು. ಒಂದೇ ಸಾಲು ದಿನಕ್ಕೆ ಮೂರು ಸಲ ಬದಲಾಗುತ್ತಿದ್ದರೆ ಆ ಪ್ರಶ್ನೆಯ ಉತ್ತರ ಕಂಪ್ಯೂಟರಿನಲ್ಲಿ ಇಲ್ಲ ಎಂದೇ ಅರ್ಥ.

"ಅಡುಗೆ ಮನೆಗೆ ಹೋಗಿ ಕೇಳಿದಿರಾ?" ಎಂದೆ. ನಾಲ್ವರೂ ಒಬ್ಬರನ್ನೊಬ್ಬರು ನೋಡಿದರು. ಕ್ಯಾಂಟೀನ್ ನಮ್ಮ ಕೆಳಗಿನ ಮಹಡಿಯಲ್ಲೇ ಇದೆ. ದಿನಾ ಅಲ್ಲೇ ಉಣ್ಣುತ್ತಿದ್ದರು.

ಭಟ್ಟರು ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದರು: "ಚಪಾತಿ ಹಿಟ್ಟು ಒಂಬತ್ತೂವರೆಗೇ ಕಲಸಿಬಿಡ್ತೀವಿ ಕಣಪ್ಪ. ಅನ್ನಕ್ಕೆ ಹನ್ನೊಂದೂವರೆವರೆಗೂ ಟೈಮಿದೆ." ಅಂದರೆ ಇಬ್ಬರೂ ತಪ್ಪು. ರದ್ದು ಮಾಡುವ ಸಮಯ ಒಂದಲ್ಲ, ಎರಡು. ಎರಡು ದಿನ ಕಾದಾಡಿದ್ದ ಸಾಲೇ ಕೋಡಿನಿಂದ ಎದ್ದುಹೋಯಿತು. ತಂಡದೊಳಗಿನ ಎಷ್ಟೋ ಜಗಳ ಹೀಗೆ ಹೊರಗಿನ ಮೂರನೆಯವರು ಐದು ನಿಮಿಷದಲ್ಲಿ ಬಗೆಹರಿಸಬಹುದಾದದ್ದು. ಆದರೆ ಕೇಳಲು ಹೋದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ ಎಂಬ ಭಯ ಇಂಟರ್ನ್‌ಗಳಿಗೆ. ನಮ್ಮ ವಯಸ್ಸಿನವರಿಗೂ ಇದೆ ಅನ್ನಿ, ನಾವು ಅದಕ್ಕೆ ಅನುಭವ ಅನ್ನುತ್ತೇವೆ.

ಈಗ ಆ ಹೆದರಿಕೆಯ ವಿಷಯ. ಇಷ್ಟೆಲ್ಲ ಗದ್ದಲದಲ್ಲಿ ಪುತ್ತೂರು ಒಮ್ಮೆಯೂ ದನಿ ಏರಿಸಿರಲಿಲ್ಲ. ಕೇಳಿದ್ದಕ್ಕೆಲ್ಲ "ಆಯ್ತು". ಡೆಮೊದ ವಾರದ ಮಂಗಳವಾರ ಕೋಡಿನ ಪಟ್ಟಿ ನೋಡುತ್ತಿದ್ದೆ. ಮಿಕ್ಕ ಮೂವರ ಕೆಲಸ ದಿನಾ ಮುಖ್ಯ ಕೋಡಿಗೆ ಸೇರುತ್ತಿತ್ತು. ಅವಳದು ಆರು ದಿನದಿಂದ ಸೇರಿರಲಿಲ್ಲ. `git log main..login-new --oneline` ಎಂದು ಕೇಳಿದರೆ ಪರದೆ ತುಂಬ ಸಾಲುಗಳು ಇಳಿದವು. ಹುಡುಗಿ ಬೇರೆಯದೇ ಒಂದು ಲಾಗಿನ್ ಕಟ್ಟುತ್ತಿದ್ದಳು.

ಕೂರಿಸಿ ಕೇಳಿದೆ. ನೌಕರರ ಸಂಖ್ಯೆ ಹಾಕಿದರೆ ಸಾಕು, ಪಾಸ್‌ವರ್ಡ್ ಬೇಡ ಎಂದು ತಂಡ ನಿರ್ಧರಿಸಿತ್ತಂತೆ. "ಸರ್, ಯಾರ ನಂಬರ್ ಬೇಕಾದ್ರೂ ಹಾಕ್ಬಹುದಲ್ಲ? ಊಟ ಇವ್ರದ್ದು, ದುಡ್ಡು ಹೋಗುದು ಇನ್ನೊಬ್ರದ್ದು." ಇದನ್ನು ಅವಳು ಮೊದಲ ವಾರವೇ ಹೇಳಿದ್ದಳು. ಹಾಸನ, "ಒಂದು ಪ್ಲೇಟ್ ಊಟ ಕದಿಯೋಕೆ ಯಾರ್ ಬರ್ತಾರೆ ಬಿಡಮ್ಮ" ಅಂದಿದ್ದ, ಎಲ್ಲರೂ ನಕ್ಕಿದ್ದರು, ಮೂರಕ್ಕೆ ಒಂದು ಮತದಲ್ಲಿ ವಿಷಯ ಮುಗಿದಿತ್ತು. ಮುಗಿದಿರಲಿಲ್ಲ, ಅವಳ ಲ್ಯಾಪ್‌ಟಾಪಿಗೆ ಹೋಗಿ ಕೂತಿತ್ತು.

ಕೂಗಾಡುವವರು ನನಗೆ ತೊಂದರೆಯಲ್ಲ, ಅವರ ಜಗಳ ಎಲ್ಲಿದೆ ಎಂದು ಗೊತ್ತಿರುತ್ತದೆ. "ಆಯ್ತು" ಎಂದವರ ಜಗಳ ಗಡುವಿನ ಹಿಂದಿನ ರಾತ್ರಿ ಹೊರಗೆ ಬರುತ್ತದೆ. ಆದ್ದರಿಂದ ನಾಲ್ವರ ತಂಡದಲ್ಲಿ ಮತದಾನ ಬೇಡವೇ ಬೇಡ ಎಂಬುದು ನನ್ನ ಪಕ್ಷ. ಸಮವಾದರೆ ಉಪಯೋಗವಿಲ್ಲ, ಮೂರಕ್ಕೆ ಒಂದಾದರೆ ಆ ಒಂದು ಬಾಯಿ ಮುಚ್ಚಿಹೋಗುತ್ತದೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ಐಇಟಿಎಫ್ ಎಂಬ ಸಂಸ್ಥೆಯಲ್ಲೂ ಮತದಾನವಿಲ್ಲ. ಸಭೆಯಲ್ಲಿ ಒಪ್ಪಿಗೆಯ ಅಂದಾಜು ಬೇಕಾದರೆ ಎಲ್ಲರೂ ಬಾಯಿ ಮುಚ್ಚಿಕೊಂಡು "ಹ್ಞೂಂ" ಎಂದು ಗುಂಯ್‌ಗುಟ್ಟುವ ಪದ್ಧತಿ ಅಲ್ಲಿದೆ! 2014ರ ಅವರ ದಾಖಲೆಯೊಂದು, ಹೇಳಿದ ಆಕ್ಷೇಪವನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅದಕ್ಕೆ ಉತ್ತರ ಕೊಟ್ಟಿರಲೇಬೇಕು ಎನ್ನುತ್ತದೆ. ಐದು ಜನ ಪರ, ನೂರು ಜನ ವಿರೋಧ ಇದ್ದರೂ ಸ್ಥೂಲ ಒಮ್ಮತ ಸಾಧ್ಯ ಎಂದು ಅದರಲ್ಲೊಂದು ಭಾಗವಿದೆ. ಲೆಕ್ಕ ತಲೆಗಳದ್ದಲ್ಲ, ಆಕ್ಷೇಪಗಳದ್ದು. ಪುತ್ತೂರಿಗೆ ಸಿಕ್ಕಿದ್ದು ನಗು, ಉತ್ತರವಲ್ಲ.

ಬುಧವಾರ ಬೆಳಿಗ್ಗೆ ನಾಲ್ವರೂ ಕೂತರು. ನಿಯಮ ಒಂದೇ: ಹಾಸನದವನು ಮೊದಲು ಅವಳ ವಾದವನ್ನು ಅವಳು "ಹೌದು, ಇದೇ" ಎನ್ನುವ ಹಾಗೆ ಹೇಳಬೇಕು, ಆಮೇಲೆ ತನ್ನದು. ಎರಡು ಸಲ ತಪ್ಪಿ ಮೂರನೇ ಸಲ ಸರಿ ಹೇಳಿದ. ಹೇಳುತ್ತ ಹೇಳುತ್ತ ಒಪ್ಪಿಯೂಬಿಟ್ಟ. ಆದರೆ ಅವಳು ಕಟ್ಟುತ್ತಿದ್ದದ್ದು ಮೊಬೈಲಿಗೆ ಎಸ್‌ಎಂಎಸ್ ಒಟಿಪಿ. ನಮ್ಮ ದೇಶದಲ್ಲಿ ಕಂಪನಿಯೊಂದು ಹೀಗೆ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ಶುಕ್ರವಾರದೊಳಗೆ ಆಗುವ ಮಾತಲ್ಲ. ಅವಳ ಆಕ್ಷೇಪ ಸರಿ, ಪರಿಹಾರ ಅಸಾಧ್ಯ. ಒಬ್ಬಳೇ ಕೂತು ಮಾಡಿದ ಕೆಲಸಕ್ಕೆ ಆಗುವ ಗತಿ ಇದು: ಎರಡನೇ ದಿನವೇ ತೋರಿಸಿದ್ದರೆ ಯಾರಾದರೂ ಹೇಳುತ್ತಿದ್ದರು. ಬಸವನಗುಡಿ ಕೇಳಿದಳು, "ಒಟಿಪೀನ ಆಫೀಸ್ ಈಮೇಲ್‌ಗೆ ಕಳಿಸಿದ್ರೆ?" ಪುತ್ತೂರಿನವಳ ಕೋಡಿನ ಬಹುಪಾಲು ಹಾಗೇ ಉಳಿಯಿತು, ಕಳಿಸುವ ದಾರಿ ಮಾತ್ರ ಬದಲಾಯಿತು. ಗುರುವಾರ ಮಧ್ಯಾಹ್ನ ಅದು ಮುಖ್ಯ ಕೋಡಿಗೆ ಸೇರಿತು.

ಅವತ್ತಿನಿಂದ `decisions.md` ಎಂಬ ಫೈಲೊಂದು ಬಂತು. ಪ್ರತಿ ತೀರ್ಮಾನಕ್ಕೆ ಮೂರು ಸಾಲು: ಏನು ತೀರ್ಮಾನ, ಯಾರ ಆಕ್ಷೇಪ ಏನು, ಯಾವಾಗ ಮತ್ತೆ ನೋಡುವುದು. ಎರಡನೇ ಸಾಲು ಖಾಲಿ ಬಿಡುವಂತಿಲ್ಲ. ಸೋತ ವಾದಕ್ಕೂ ಒಂದು ವಿಳಾಸ ಸಿಕ್ಕರೆ ಅದು ರಾತ್ರಿ ಬೇರೆ ಬ್ರಾಂಚಿನಲ್ಲಿ ಮನೆ ಕಟ್ಟಲು ಹೋಗುವುದಿಲ್ಲ. ಊಟ ರದ್ದತಿಯ ಕೆಳಗೆ ಹುಬ್ಬಳ್ಳಿ ಬರೆದದ್ದು ಈಗಲೂ ಇದೆ: "ಆಕ್ಷೇಪ: ಒಂಬತ್ತೂವರೆಗೆ ನಾನು ಇನ್ನೂ ಎದ್ದಿರುವುದಿಲ್ಲ. ಮರುಪರಿಶೀಲನೆ: ಭಟ್ಟರು ಬದಲಾದಾಗ."

ಶುಕ್ರವಾರದ ಡೆಮೊ ಇಪ್ಪತ್ತು ನಿಮಿಷ ನಡೆಯಿತು. ಡೇಟಾಬೇಸಿನ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಇಂಟರ್ನ್‌ಗಳನ್ನು ಕರೆಸಿಕೊಳ್ಳುವ ಕಚೇರಿಗಳಿಗೆ ನನ್ನದೊಂದು ವಿನಂತಿ ಮಾತ್ರ ಇದೆ: ಆಫರ್ ಎಷ್ಟು ಜನಕ್ಕೆ, ಯಾವುದನ್ನು ನೋಡಿ ಕೊಡುತ್ತೀರಿ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಮಿಕ್ಕ ಜಗಳವನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.