ನಿಮ್ಮ ದುಡ್ಡೇ ನಿಮಗೆ ಬಾಗಿನ

ಹುಣಸೂರಿನ ಕಡೆ ಒಂದು ಗಾರ್ಮೆಂಟ್ಸ್ ಅಂದುಕೊಳ್ಳಿ. ಆರು ವರ್ಷ ಚೆಕಿಂಗ್ ಟೇಬಲ್ ಮುಂದೆ ನಿಂತೇ ದುಡಿದ ಹೆಣ್ಣುಮಗಳು, ಸೂಪರ್‌ವೈಸರ್ ಕೈ ಹಿಡಿದು ಎಳೆದನೆಂದು ಬಾಯಲ್ಲೇ ದೂರು ಹೇಳುತ್ತಾಳೆ. ಮರುವಾರ ಆಫೀಸಿನಲ್ಲಿ ಅವಳಿಗೆ ಮೊದಲ ಸಲ ಕುರ್ಚಿ ಸಿಗುತ್ತದೆ, ಕಾಫಿಯೂ ಬರುತ್ತದೆ.

"ನೋಡಮ್ಮ, ಸಂತೆಗೆ ಹೋದ್ರೆ ನಾಲ್ಕು ಜನ ಮಾತಾಡ್ತಾರೆ. ಒಂದು ಲಕ್ಷ ಕೊಡ್ತೀವಿ. ಇಲ್ಲೊಂದು ಸೈನ್ ಹಾಕು."

ಎಂಥ ಧಾರಾಳ! ಲೆಕ್ಕ ಹಾಕೋಣ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ ಆರು ವರ್ಷದ ಗ್ರಾಚ್ಯುಟಿ 45,000. ಬಾಕಿ ಇರುವ ಈ ತಿಂಗಳ ಸಂಬಳ 13,000. ಉಳಿದ 20 ದಿನದ ರಜೆಗೆ 10,000. ಒಟ್ಟು 68,000 ಅವಳದೇ ದುಡ್ಡು. ಕಂಪನಿಯ ಔದಾರ್ಯ 32,000. ಬಾಗಿನದ ಮೊರದಲ್ಲಿ ಅವಳ ಸೀರೆಯನ್ನೇ ಮಡಚಿಟ್ಟು ಕೊಡುವ ಸಂಭ್ರಮ ಇದು. ಆದ್ದರಿಂದ ಪ್ರತಿ ಬಾಬನ್ನೂ ಬೇರೆ ಬೇರೆ ಸಾಲಲ್ಲಿ ಬರೆಸಿಕೊಳ್ಳಬೇಕು. ಒಟ್ಟು ಮೊತ್ತದ ಒಳಗೆ ಗ್ರಾಚ್ಯುಟಿ ಮುಳುಗಬಾರದು.

ಕಾಗದದಲ್ಲಿ ಮೂರು ಸಾಲು ಮೊದಲೇ ಅಚ್ಚಾಗಿರುತ್ತವೆ: "ಸ್ವಇಚ್ಛೆಯಿಂದ ರಾಜೀನಾಮೆ", "ಯಾವುದೇ ಬಾಕಿ ಇಲ್ಲ", "ಪೊಲೀಸರಿಗೆ ದೂರು ಕೊಡುವುದಿಲ್ಲ". ದಿನಾಂಕದ ಜಾಗ ಮಾತ್ರ ಖಾಲಿ. ಅಪರಾಧದ ದೂರಿನ ಬಾಯಿ ಮುಚ್ಚಿಸುವ ಮೂರನೇ ಸಾಲು ಕರಾರು ಕಾಯ್ದೆಯ 23ನೇ ಕಲಮಿನ ಮುಂದೆ ನಿಲ್ಲದು. ಆದರೆ ಮೊದಲೆರಡು ಸಾಲು ನಾಳೆ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತವೆ. ಇನ್ನು ದೂರು ಸಮಿತಿಯ ಮುಂದೆ ರಾಜಿ ಆಗಬೇಕಾದರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಅದನ್ನು ಅವಳೇ ಕೇಳಬೇಕು, ಹಣ ಅದಕ್ಕೆ ಆಧಾರವಾಗಲೇಬಾರದು. ಸಾಹೇಬರು ಸಮಿತಿಯ ಹೆಸರೆತ್ತದೆ ಕಾಫಿ ತರಿಸಿದ್ದು ಸುಮ್ಮನಲ್ಲ.

"ನಿಧಾನವಾಗಿ ಯೋಚಿಸಮ್ಮ" ಎನ್ನುವ ಮಾತಿನಲ್ಲೂ ಗಡಿಯಾರ ಇಟ್ಟಿರುತ್ತಾರೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬಾಯಿಮಾತು ದೂರಲ್ಲ, ಚೌಕಾಶಿ ನಡೆಯುತ್ತಿದೆಯೆಂದು ಕ್ಯಾಲೆಂಡರ್ ಕಾಯುವುದೂ ಇಲ್ಲ. ಹಾಗಾಗಿ ಮೊದಲು ಬರೆದ ದೂರು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ಆಮೇಲೆ ಮಾತುಕತೆ. ದೂರು ಮಾಲೀಕನ ಮೇಲೇ ಇದ್ದರೆ, ಅಥವಾ ಕೆಲಸದವರು ಹತ್ತಕ್ಕಿಂತ ಕಡಿಮೆ ಇದ್ದರೆ, ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದನ್ನು ಪಡೆಯಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾನೂನು ಹೇಳುತ್ತದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಅವರು ಯಾರೆಂದು ಕೇಳಿ ನೋಡಿ. ಕೇಳಿದ ಮೇಲಾದರೂ ಅವರಿಗೇ ಗೊತ್ತಾದೀತು.

ಸಹಿಗೆ ಮುಂಚೆ ಕೈಯಲ್ಲಿ ಇರಬೇಕಾದ್ದು ಇಷ್ಟು: ಘಟನೆಯ ದಿನ, ಹೊತ್ತು, ಅಲ್ಲಿದ್ದವರ ಹೆಸರು ಬರೆದ ಹಾಳೆ, ಅಳಿಸದ ಮೆಸೇಜುಗಳು, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್. ಕಂಪನಿಯ ಕಂಪ್ಯೂಟರಿನಲ್ಲಿರುವ ಸಾಕ್ಷ್ಯ, ಗೇಟು ದಾಟಿದ ಸಂಜೆಯೇ ಸಾಯುತ್ತದೆ. ಅನುಭವ ಪತ್ರ ಯಾವ ದಿನ, ಹಣ ಯಾವ ದಿನ ಬ್ಯಾಂಕ್ ಖಾತೆಗೆ ಎಂಬುದೂ ಆ ಕಾಗದದಲ್ಲೇ ಇರಬೇಕು.

ಕಾಫಿ ಕುಡಿಯಿರಿ, ತಪ್ಪಿಲ್ಲ. ಪೆನ್ನು ಮುಟ್ಟುವ ಮೊದಲು, "ಓದಿಸಿಕೊಂಡು ಬರ್ತೀನಿ, ಒಂದು ಪ್ರತಿ ಕೊಡಿ ಸಾರ್" ಅನ್ನಿ. ಪ್ರತಿ ಕೊಡಲು ಸಾಹೇಬರ ಕೈ ನಡುಗಿದರೆ, ಕಾಗದದಲ್ಲಿ ಏನಿದೆಯೆಂದು ಓದದೆಯೂ ತಿಳಿಯುತ್ತದೆ.